ಐವತ್ತೆಂಟನೇ ಕಾರಣ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹೊಸ ಮೇಲ್ವಿಚಾರಕನಾಗಿ ಬಂದವನು ಮೊದಲ ದಿನ ಮಾಡಿದ ಮೊದಲ ಕೆಲಸ ಅಂದರೆ ವಾಂತಿ.

ದೊಡ್ಡಮ್ಮ ಆವತ್ತು ಕೊಳೆ ಕೋಣೆಯಲ್ಲಿ ಮೊಣಕೈವರೆಗಿನ ರಬ್ಬರ್ ಗವಸು ಹಾಕಿಕೊಂಡು ಬೆಳಗಿನ ಗಂಟುಗಳನ್ನು ಬಿಚ್ಚುತ್ತಿದ್ದಳು. ಹೊದಿಕೆ ಒಂದು ಕಡೆ, ರೋಗಿಗಳ ಅಂಗಿ ಒಂದು ಕಡೆ, ರಕ್ತ ಆದದ್ದು ಒಂದು ಕಡೆ, ಮಕ್ಕಳ ವಾರ್ಡಿನದು ಒಂದು ಕಡೆ. ಬಟ್ಟೆ ಕೊಡವಬಾರದು. ಸೂಜಿ ಗೀಜಿ ಇದೆಯಾ ಅಂತ ಮೊದಲು ಕಣ್ಣಲ್ಲಿ ನೋಡಿ ಆಮೇಲೆ ಕೈ ಹಾಕಬೇಕು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಆವತ್ತು ಒಂದು ದಿಂಬಿನ ಚೀಲದೊಳಗೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತ್ತು. ಸಂದಿಯಲ್ಲಿ ಮೂರು ದಿನದ ಎಂಜಲು, ಅದರ ಮೇಲೆ ಬೂಸ್ಟು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದರ ಯಜಮಾನ ಈಗ ಏನು ತಿಂತಾನೋ ಪಾಪ" ಅಂತ ಅವಳು ಅನ್ನುವುದಕ್ಕೂ ಬಾಗಿಲಲ್ಲಿ ಒಬ್ಬ ಉದ್ದನೆಯ ಗಂಡಸು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅವನು ಹಲ್ಲು ನೋಡಿದ, ಗಂಟು ನೋಡಿದ, ಒಮ್ಮೆ ಉಸಿರು ಎಳೆದುಕೊಂಡ. ಅಷ್ಟೇ. ಮೋರಿ ಕಡೆಗೆ ಓಡುವಷ್ಟು ಹೊತ್ತೂ ಸಿಗಲಿಲ್ಲ ಅವನಿಗೆ.

ದೊಡ್ಡಮ್ಮ ಗವಸು ತೆಗೆದು, ಕೈ ತೊಳೆದು, ಒಂದು ಲೋಟ ನೀರು ಕೊಟ್ಟಳು. ಅವನು ಬಾಯಿ ಮುಕ್ಕಳಿಸಿದ, ಕಣ್ಣು ಒರೆಸಿಕೊಂಡ. ನೆಲ ತೊಳೆಯಲು ಅವಳು ಬಕೆಟ್ ತಂದರೆ ಕಿತ್ತುಕೊಂಡು ತಾನೇ ತೊಳೆದ. ಆಮೇಲೆ ಬಾಯಿ ಬಿಟ್ಟು ಆಡಿದ ಮೊದಲ ಮಾತು ಇದು.

"ಅಮ್ಮಾ, ಆ ಮೂರನೇ ಮೆಷಿನ್ನು ಯಾಕೆ ಸುಮ್ಮನೆ ನಿಂತಿದೆ? ಉಳಿದ ಎರಡೂ ಓಡ್ತಿವೆಯಲ್ಲ."

"ಅದನ್ನ ಅರ್ಧ ಗಂಟೆ ತಡವಾಗಿ ಹಾಕ್ತೀವಿ ಸಾರ್."

"ಯಾಕೆ?"

"ಮೊದಲಿಂದ ಹಾಗೇ."

"ಮೊದಲಿಂದ ಅಂದ್ರೆ ಯಾರಿಂದ? ಯಾಕೆ?"

ದೊಡ್ಡಮ್ಮ ಕೈ ತೋರಿಸಿದಳು. ಗೋಡೆಯ ಕಪ್ಪು ಹಲಗೆಯ ಮೇಲೆ ದಿನದ ಕೆಲಸಗಳ ಪಟ್ಟಿ ಇತ್ತು. "ಮೂರನೇ ಮೆಷಿನ್, ಅರ್ಧ ಗಂಟೆ ತಡ" ಅನ್ನುವುದೂ ಅದರಲ್ಲಿ ಇತ್ತು. ಯಾಕೆ ಅಂತ ಇರಲಿಲ್ಲ. ಬರೆಸಿದ ಹಳೇ ಮೇಸ್ತ್ರಿ ನಿವೃತ್ತನಾಗಿ, ಸತ್ತು, ಮೂರು ವರ್ಷ ಆಗಿತ್ತು.

ಅಂದೇ ಸಂಜೆಯೊಳಗೆ ಇಸ್ತ್ರಿ ಅಕ್ಕ ಅವನಿಗೆ ಯಾಕಣ್ಣ ಅಂತ ಹೆಸರಿಟ್ಟಾಗಿತ್ತು. ಇಸ್ತ್ರಿ ಅಕ್ಕ ಅಂದರೆ ಒಗೆದ ಬಟ್ಟೆ ಮಡಚಿಡುವ ಮಡಿಕೆ ಕೋಣೆಯಲ್ಲಿ ಇಸ್ತ್ರಿ ಮಾಡುವ ನಲವತ್ತರ ಹೆಂಗಸು. ಅವಳು ಇಟ್ಟ ಹೆಸರು ಅಳಿಸಿದ್ದು ಆ ಕಟ್ಟಡದಲ್ಲಿ ಯಾರೂ ಕಂಡಿಲ್ಲ. ಅವನಿಗೆ ಬೇಜಾರಾಗಲಿಲ್ಲ. "ನಮ್ಮಕ್ಕನೂ ಹಾಗೇ ಅಂತಾಳೆ. ನಾನು ಹುಟ್ಟಿದಾಗ ಅಳಲಿಲ್ವಂತೆ, ಯಾಕೆ ಅಂದೆನಂತೆ" ಅಂದ. ಅವನಿಗೆ ಐವತ್ತು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಸಾಕಿದ ಅಕ್ಕನ ಜೊತೆ ವಾಸ. ಇಪ್ಪತ್ತೈದು ವರ್ಷ ಬಾಯ್ಲರ್ ನೋಡಿಕೊಂಡಿದ್ದವನು. ಬಿಸಿ ಆವಿಗೆ ಹೆದರದವನಿಗೆ ಒಂದು ಕೊಳೆ ಹೊದಿಕೆ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಇಲ್ಲಿದ್ದ ಅಷ್ಟು ದಿನವೂ ಅವನು ಮಧ್ಯಾಹ್ನದ ಬುತ್ತಿಯನ್ನು ಒಳಗೆ ಬಿಚ್ಚಲಿಲ್ಲ, ಹೊರಗಿನ ಮೆಟ್ಟಿಲ ಮೇಲೆ ಗಾಳಿಗೆ ಮುಖ ಮಾಡಿ ಕೂತು ತಿಂದ.

ಎರಡನೇ ದಿನ ಅವನು ಮೂರು ಮೆಷಿನ್ನನ್ನೂ ಒಟ್ಟಿಗೇ ಹಾಕಿಸಿದ. ಅರ್ಧ ಗಂಟೆ ಉಳಿಯುತ್ತದೆ ಅನ್ನುವುದು ಅವನ ಲೆಕ್ಕ.

ಉಳಿಯಿತು, ಮೊದಲ ಇಪ್ಪತ್ತು ನಿಮಿಷ. ಆಮೇಲೆ ಮೂರೂ ಮೆಷಿನ್ನು ಕೊಳೆನೀರನ್ನು ಒಮ್ಮೆಗೇ ಹೊರಗೆ ಬಿಟ್ಟವು. ನೆಲದಡಿಯ ಕೊಳವೆ ಅಷ್ಟನ್ನು ಎಳೆದುಕೊಳ್ಳದೆ, ನೀರು ಗೋಡೆಯಾಚೆಯ ಮಡಿಕೆ ಕೋಣೆಯ ಮೋರಿಯಿಂದ ಉಕ್ಕಿ ಮೇಲೆ ಬಂತು. ಎಂಥ ನೀರು! ಇಡೀ ಆಸ್ಪತ್ರೆಯ ಒಂದು ರಾತ್ರಿ ಅದರಲ್ಲಿ ಇತ್ತು. ಒಗೆದು ಒಣಗಿಸಿ ಕೆಳಗಿನ ಹಲಗೆಯಲ್ಲಿ ಜೋಡಿಸಿಟ್ಟ ಹೊದಿಕೆಗಳೆಲ್ಲ ಅದನ್ನು ಕುಡಿದು ಉಬ್ಬಿದವು. ಇಸ್ತ್ರಿ ಅಕ್ಕ ಮೇಜಿನ ಮೇಲೆ ಹತ್ತಿ ನಿಂತು ಎಲ್ಲ ದೇವರನ್ನೂ ಬೈದಳು.

ಯಾಕಣ್ಣ ಪಾದ ಮುಳುಗುವಷ್ಟು ಹೇಸಿಗೆಯಲ್ಲಿ ನಿಂತಿದ್ದ. ದೊಡ್ಡಮ್ಮ ಅವನ ಮುಖ ನೋಡಿದಳು. ಈಗ ವಾಂತಿ ಬಂತು ಅಂದುಕೊಂಡಳು. ಬರಲಿಲ್ಲ.

"ಇದು ಒಬ್ಬನಿಗೆ ಗೊತ್ತಿತ್ತು ದೊಡ್ಡಮ್ಮ" ಅಂದ. "ಅವನೂ ಒಂದು ದಿನ ಹೀಗೇ ನಿಂತಿದ್ದ. ಇದೇ ಜಾಗದಲ್ಲಿ. ಕಲ್ತುಕೊಂಡ, ಏನು ಮಾಡ್ಬೇಕು ಅಂತ ಬರೆಸಿದ, ಯಾಕೆ ಅನ್ನೋದನ್ನ ಜೊತೆಗೇ ಮನೆಗೆ ತಗೊಂಡು ಹೋದ. ಅದಕ್ಕೇ ನಾನು ಇನ್ನೊಂದು ಸಲ ನಿಲ್ಲಬೇಕಾಯ್ತು. ಥೂ!"

ಉಗಿದದ್ದು ಯಾರ ಮೇಲೆ ಅಂತ ದೊಡ್ಡಮ್ಮನಿಗೆ ಸ್ಪಷ್ಟವಾಗಲಿಲ್ಲ. ಮೇಸ್ತ್ರಿಯ ಮೇಲೋ, ತನ್ನ ಮೇಲೋ, ಹತ್ತೊಂಬತ್ತು ವರ್ಷ "ಮೊದಲಿಂದ ಹಾಗೇ" ಅಂದುಕೊಂಡು ಬಂದ ಅವಳ ಮೇಲೋ. ಅವಳು ಒಂದು ಪಾಲು ತನಗೆ ತೆಗೆದುಕೊಂಡಳು.

ಮರುದಿನ ಅವನು ದಪ್ಪ ರಟ್ಟಿನ ಪುಸ್ತಕವೊಂದನ್ನು ತಂದು, ಮೂಲೆಯಲ್ಲಿ ತೂತು ಮಾಡಿ, ದಾರ ಪೋಣಿಸಿ, ಕಪ್ಪು ಹಲಗೆಯ ಪಕ್ಕದಲ್ಲೇ ಮೊಳೆಗೆ ನೇತುಹಾಕಿದ. ಪುಟಗಳಿಗೆಲ್ಲ ಸಂಖ್ಯೆ ಹಾಕಿದ. ಎಲ್ಲರನ್ನೂ ಕರೆದು ಹೇಳಿದ.

"ಹಲಗೆ ಮೇಲೆ ಇರೋದು ಏನು ಮಾಡ್ಬೇಕು ಅನ್ನೋದು. ಅದನ್ನ ದಿನಾ ಒರೆಸ್ತೀವಿ, ಬರೀತೀವಿ. ಈ ಪುಸ್ತಕದಲ್ಲಿ ಇರೋದು ಯಾಕೆ ಹಾಗೆ ಅನ್ನೋದು. ಇದನ್ನ ಒರೆಸೋ ಹಾಗಿಲ್ಲ. ಮಾಡ್ತಿದ್ದ ಕ್ರಮ ಬದಲಾಯಿಸಿದ್ರೆ ಮಾತ್ರ ಇಲ್ಲಿ ಬರೀಬೇಕು. ತಾರೀಕು, ಏನು ಅಂತ ತೀರ್ಮಾನ ಆಯ್ತು, ಬೇರೆ ಏನೇನು ಯೋಚಿಸಿದ್ವಿ, ಅದನ್ನ ಯಾಕೆ ಬಿಟ್ವಿ, ಯಾರು ಹೇಳಿದ್ದು, ಮತ್ತೆ ಯಾವಾಗ ತಿರುಗಿ ಯೋಚಿಸ್ಬೇಕು. ಆ ಸಂಖ್ಯೆನ ಹಲಗೆ ಮೇಲೆ ಆ ಕೆಲಸದ ಪಕ್ಕ ಹಾಕಬೇಕು. ಮುಂದೆ ತೀರ್ಮಾನ ಬದಲಾದ್ರೆ ಹಳೇದನ್ನ ಹೊಡೆದುಹಾಕಬೇಡಿ. ಹೊಸ ಸಂಖ್ಯೆಲಿ ಬರೆದು, ಹಳೇದರ ಪಕ್ಕ 'ಇಂಥಾದ್ದು ನೋಡಿ' ಅನ್ನಿ."

"ತಪ್ಪು ಮಾಡಿದ್ರೆ ಅದನ್ನೂ ಬರೀಬೇಕಾ ಸಾರ್?" ಇದು ಹೂಂ ಸಾರ್. ಪಾಳಿಯ ಮುಖ್ಯಸ್ಥ. ಮೇಲಿನವರು ಏನಂದರೂ "ಹೂಂ ಸಾರ್" ಅನ್ನುತ್ತಿದ್ದುದರಿಂದ ಆ ಹೆಸರು.

"ಮೊದಲನೇ ಸಂಖ್ಯೆ ನನ್ನದೇ" ಅಂದು ಯಾಕಣ್ಣ ಬರೆದ. ಇಸ್ತ್ರಿ ಅಕ್ಕ ಗಟ್ಟಿಯಾಗಿ ಓದಿದಳು. ಮೂರೂ ಮೆಷಿನ್ನು ಒಟ್ಟಿಗೆ ನೀರು ಬಿಟ್ಟರೆ ಕೊಳವೆ ಸಾಲದು, ಮಡಿಕೆ ಕೋಣೆಯ ಮೋರಿಯಲ್ಲಿ ಉಕ್ಕುತ್ತದೆ, ನಾನೇ ಉಕ್ಕಿಸಿದೆ, ಮೂರನೆಯದು ಅರ್ಧ ಗಂಟೆ ತಡವಾಗಿಯೇ ಶುರುವಾಗಬೇಕು, ದೊಡ್ಡ ಕೊಳವೆ ಹಾಕಿದರೆ ತಿರುಗಿ ಯೋಚಿಸಿ. ಅಷ್ಟೇ ಇತ್ತು.

ಮೊದಲ ವಾರ ಜನ ಅದನ್ನು ಆಟದ ಸಾಮಾನು ಮಾಡಿಕೊಂಡರು. "ಚಹಾ ಕುಡಿಯಲು ಹೋದೆ, ಕಾರಣ: ಬಾಯಾರಿಕೆ" ಅಂತ ಯಾರೋ ಬರೆದರು. ಯಾಕಣ್ಣ ಅದನ್ನೂ ಹರಿಯಲಿಲ್ಲ. ಕೆಳಗೆ, "ಇದು ಕ್ರಮದ ಬದಲಾವಣೆ ಅಲ್ಲ, ದಿನಾ ಹೋಗ್ತೀರಿ" ಅಂತ ಬರೆದ.

ದೊಡ್ಡಮ್ಮನಿಗೆ ಓದು ಅಂದರೆ ಒಂದೊಂದು ಅಕ್ಷರಕ್ಕೆ ಬೆರಳಿಟ್ಟು ದಾಟುವ ಕೆಲಸ. ಬರೆಯುವುದು ಅದಕ್ಕಿಂತ ಕಷ್ಟ. ಆದರೆ ಈ ಪುಸ್ತಕದ ವಿಷಯದಲ್ಲಿ ಅವಳಿಗೆ ಒಂದು ಹಳೆಯ ನೋವಿತ್ತು. ಅವಳ ಗಂಡ ಇದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಸತ್ತದ್ದು. ಸೋಮವಾರ ಆಪರೇಷನ್ನು ಅಂದಿದ್ದರು, ಗುರುವಾರಕ್ಕೆ ಹಾಕಿದರು, ಬುಧವಾರವೇ ಆತ ಹೋದ. ಯಾಕೆ ಮುಂದೆ ಹಾಕಿದರು ಅಂತ ಅವಳು ಕೇಳಿದಳು. ಒಬ್ಬಳು ನರ್ಸಮ್ಮ ಪಾಪ ಕಾಗದವನ್ನೆಲ್ಲ ತಿರುವಿ ನೋಡಿ, "ಗುರುವಾರ ಅಂತ ಇದೆ ಅಮ್ಮ, ಯಾಕೆ ಅಂತ ಬರೆದಿಲ್ಲ" ಅಂದಳು. ಒಳ್ಳೆಯ ಕಾರಣವೇ ಇದ್ದಿರಬಹುದು. ಆ 'ಬರೆದಿಲ್ಲ' ಅನ್ನುವುದು ಹನ್ನೊಂದು ವರ್ಷದಿಂದ ಅವಳ ಗಂಟಲಲ್ಲಿ ಕೂದಲಿನ ಹಾಗೆ ಸಿಕ್ಕಿಕೊಂಡಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮೂವತ್ತೊಂದನೇ ಸಂಖ್ಯೆ ಬಂದದ್ದು ಅವಳ ಕೈಯಿಂದ. ಕೈಬರಹದಿಂದ ಅಲ್ಲ, ಕೈ ಚರ್ಮದಿಂದ. ಮಧ್ಯಾಹ್ನ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಅವಳು ಮಡಿಕೆ ಕೋಣೆಗೆ ಬರುತ್ತಿದ್ದಳು. ಅಲ್ಲಿ ಬರಿಗೈ ಕೆಲಸ. ಒಂದು ದಿನ ಮಕ್ಕಳ ವಾರ್ಡಿನ ಬಟ್ಟೆ ಮಡಚುವಾಗ ಬೆರಳಿನ ಬಿರುಕು ಉರಿಯಿತು. ಮರುದಿನವೂ ಉರಿಯಿತು. ದೊಡ್ಡವರ ಹೊದಿಕೆಗೆ ಹಾಗಾಗಲಿಲ್ಲ.

"ಇವು ಯಾವ ಮೆಷಿನ್ನಿಂದ ಬಂದದ್ದು?" ಅಂತ ಯಾಕಣ್ಣ ಕೇಳಿದ.

"ಎರಡನೇದು. ಹೋದ ವಾರದಿಂದ ಅಲ್ಲಿಗೆ ಹಾಕ್ತಿದ್ದೀವಲ್ಲ. ಮುಟ್ಟಿ ನೋಡಿ, ಒದ್ದೆ ಬೆರಳಿಗೆ ಸೋಪಿನ ಹಾಗೆ ಜಾರುತ್ತೆ."

ಅವನು ಬಣ್ಣ ತಿರುಗುವ ಪರೀಕ್ಷೆಯ ಕಾಗದ ತಂದು, ಬಟ್ಟೆ ನೆನೆಸಿದ ನೀರಿಗೆ ಅದ್ದಿದ. ಕೆಂಪು ಕಾಗದ ನೀಲಿಯಾಯಿತು. ಒಗೆಯುವ ಪುಡಿಯ ಖಾರ ಬಟ್ಟೆಯಲ್ಲೇ ಉಳಿದಿದೆ ಅಂತ ಅರ್ಥ. ಮೆಷಿನ್ನು ಬಿಚ್ಚಿ ನೋಡಿದರೆ ನೀರಿನ ಮಟ್ಟ ಅಳೆಯುವ ಭಾಗ ಸೋತಿತ್ತು. ನೀರು ಅರ್ಧ ತುಂಬುವುದರೊಳಗೆ ತುಂಬಿತು ಅಂತ ನಿಲ್ಲಿಸಿಬಿಡುತ್ತಿತ್ತು. ಅಷ್ಟು ನೀರಲ್ಲಿ ಜಾಲಿಸಿದರೆ ಖಾರ ಹೋಗುವುದು ಹೇಗೆ? ದೊಡ್ಡವರ ಚರ್ಮ ತಡೆದೀತು, ಎಂಟು ದಿನದ ಕೂಸಿನ ಚರ್ಮ ತಡೆಯುತ್ತದೆಯೇ?

"ನಿಮ್ಮ ಕೈಯಲ್ಲೇ ಬರೀರಿ" ಅಂದ ಅವನು.

"ನಂಗೆ ಬರಲ್ಲ ಸಾರ್. ಅಕ್ಕ ಬರೀಲಿ."

"ಉರಿದದ್ದು ಯಾರ ಕೈ? ಅಕ್ಕನದಾ?"

ಅವಳು ಬರೆದಳು. ಅರ್ಧ ಗಂಟೆ ಹಿಡಿಯಿತು. ಹುಣಸೆ ಬೀಜದಂಥ ಅಕ್ಷರ. ಮಕ್ಕಳ ಬಟ್ಟೆ ಒಂದನೇ ಮೆಷಿನ್ನಿಗೇ. ಎರಡನೆಯದರಲ್ಲಿ ನೀರು ಕಡಿಮೆ ಬರುತ್ತದೆ, ಖಾರ ಉಳಿಯುತ್ತದೆ, ಕೈ ಉರಿಯಿತು, ಕಾಗದ ನೀಲಿ ಆಯಿತು. ಎರಡನೆಯದರಲ್ಲೇ ಇನ್ನೆರಡು ಸಲ ಜಾಲಿಸೋಣ ಅಂದುಕೊಂಡೆವು, ವಾರ್ಡಿಗೆ ಬಟ್ಟೆ ತಡವಾಗುತ್ತದೆ ಅಂತ ಬಿಟ್ಟೆವು. ಎರಡನೆಯದಕ್ಕೆ ಪರದೆ, ನೆಲ ಒರೆಸುವ ಬಟ್ಟೆ ಮಾತ್ರ. ಹೊಸ ಭಾಗ ಬಂದು, ಮೂರು ದಿನ ಸತತ ಕಾಗದ ಬಣ್ಣ ತಿರುಗದಿದ್ದರೆ ಮತ್ತೆ ಯೋಚಿಸಿ.

ಯಾಕಣ್ಣ ಓದಿ, ಕೆಳಗೆ ಸಹಿ ಹಾಕಿ, "ಒಳಗೆ ಕಾಲಿಡದವನಿಗೂ ಅರ್ಥ ಆಗುತ್ತೆ" ಅಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಈಗ ಸೆಂಟು ಸಾಹೇಬನ ಮಾತು. ಆಸ್ಪತ್ರೆಯ ಆಡಳಿತಾಧಿಕಾರಿ. ಅವನು ಬರುವುದಕ್ಕೆ ಮೊದಲು ಅವನ ಸೆಂಟು ಬರುತ್ತಿತ್ತು, ಹೋದ ಮೇಲೂ ಅರ್ಧ ಗಂಟೆ ಇರುತ್ತಿತ್ತು. ಕೆಳಗೆ ಇಳಿದು ಬಂದಾಗಲೆಲ್ಲ ಕರವಸ್ತ್ರ ಮೂಗಿಗೆ ಒತ್ತಿಕೊಂಡೇ ಮಾತಾಡುತ್ತಿದ್ದ. ಕೊಳೆಯ ವಾಸನೆಗೆ ದೊಡ್ಡಮ್ಮನ ಮೂಗು ಎಂದೋ ಒಗ್ಗಿತ್ತು, ಕೊಳೆ ಸುಳ್ಳು ಹೇಳುವುದಿಲ್ಲ. ಆದರೆ ಆ ಸಿಹಿ ಸೆಂಟು ಮೂಗಿಗೆ ಬಡಿದರೆ ಅವಳಿಗೆ ಕರುಳು ಕಿವುಚಿದಂತಾಗುತ್ತಿತ್ತು.

ಸಾಹೇಬನಿಗೆ ಆ ಪುಸ್ತಕ ಕಂಡರೆ ಆಗದು. "ಇದೇನ್ರೀ, ನಮ್ಮ ಹುಳುಕನ್ನ ನಾವೇ ಗೋಡೆಗೆ ನೇತುಹಾಕೋದಾ? ತಪಾಸಣೆಯವರು ಓದಿದ್ರೆ?"

"ಓದಲಿ ಅಂತಾನೇ ಇರೋದು ಸಾರ್. ನೀವೂ ಕ್ರಮ ಬದಲಾಯಿಸಬಹುದು, ನಿಮಗೆ ಅಧಿಕಾರ ಇದೆ. ಕಾರಣ ಬರೆದು ಸಹಿ ಹಾಕಿದ್ರೆ ಆಯ್ತು" ಅಂದ ಯಾಕಣ್ಣ.

"ನಾನು ಹೇಳಿದ್ದೇ ಕಾರಣ" ಅಂದು ಸಾಹೇಬ ಹೊರಟ.

ಯಾಕಣ್ಣನ ಅಕ್ಕನಿಗೆ ಕಣ್ಣಿನ ಆಪರೇಷನ್ನು. ಅವನು ಶುಕ್ರವಾರ ಪೂರಾ ಕೆಲಸ ಮುಗಿಸಿ, ಶನಿವಾರದಿಂದ ಐದು ದಿನ ರಜೆ ಹಾಕಿದ. ಭಾನುವಾರ ವಿಭಾಗಕ್ಕೆ ರಜೆ. ಮುಂದಿನ ಗುರುವಾರ ತಪಾಸಣೆ.

ಶನಿವಾರ ಬೆಳಿಗ್ಗೆ ಸೆಂಟು ಬಂತು, ಹಿಂದೆ ಸಾಹೇಬ ಬಂದ. ಬಾಗಿಲಿಗೆ ಹತ್ತಿರ ಇದ್ದದ್ದು ಒಂದನೇ ಮೆಷಿನ್ನು, ಮುಂದೆ ದೊಡ್ಡ ಗಾಜಿನ ಬಾಗಿಲು. ಒಳಗೆ ಮಕ್ಕಳ ಬಟ್ಟೆ ತಿರುಗುತ್ತಿತ್ತು, ಹಳದಿ ನೀರಲ್ಲಿ.

"ಛೀ ಛೀ ಛೀ. ಬಂದವರ ಕಣ್ಣಿಗೆ ಮೊದಲು ಬೀಳೋದೇ ಇದಾ? ಮಕ್ಕಳ ಕಕ್ಕಸು ತಗೊಂಡು ಹೋಗಿ ಆ ಮೂಲೆ ಮೆಷಿನ್ನಿಗೆ ಹಾಕಿ. ಇಲ್ಲಿ ಬಿಳಿ ಹೊದಿಕೆ ತಿರುಗ್ತಿರ್ಬೇಕು. ಇವತ್ತಿಂದಾನೇ. ರೂಢಿ ಆಗ್ಲಿ."

"ಹೂಂ ಸಾರ್" ಅಂದ ಹೂಂ ಸಾರ್.

"ಸಾರ್" ಅಂದಳು ದೊಡ್ಡಮ್ಮ. "ಮೂಲೇದು ಎರಡನೇ ಮೆಷಿನ್ನು, ಅದರಲ್ಲಿ ಖಾರ ಉಳಿಯುತ್ತೆ ಸಾರ್. ಪುಸ್ತಕದಲ್ಲಿ ಮೂವತ್ತೊಂದು..."

"ಈ ಮುದುಕಿ ಇಲ್ಲಿ ಇಂಜಿನಿಯರಾ?" ಅಂತ ಸಾಹೇಬ ಹೂಂ ಸಾರ್‌ನನ್ನು ಕೇಳಿದ, ಅವಳನ್ನಲ್ಲ. ಹೂಂ ಸಾರ್ ನಕ್ಕ. ಹಲಗೆಯ ಮೇಲೆ ಮಕ್ಕಳ ಬಟ್ಟೆಯ ಮುಂದಿದ್ದ ಒಂದು ಅನ್ನುವುದನ್ನು ಅಂಗೈಯಲ್ಲಿ ಒರೆಸಿ ಎರಡು ಅಂತ ಬರೆದ. ಪಕ್ಕದ ಮೂವತ್ತೊಂದನ್ನೂ ಒರೆಸಿದ.

ಅವರು ಹೋದ ಮೇಲೆ ದೊಡ್ಡಮ್ಮ ಮೊಳೆಯ ಹತ್ತಿರ ಹೋದಳು. ಬರೆದಳು. ಸಂಖ್ಯೆ ೫೮, ತಾರೀಕು. ಶನಿವಾರ. ಮಕ್ಕಳ ಬಟ್ಟೆ ಎರಡನೇ ಮೆಷಿನ್. ಹೇಳಿದ್ದು ಆಡಳಿತಾಧಿಕಾರಿ ಸಾಹೇಬರು. ಕಾರಣ: ಬಂದವರ ಕಣ್ಣಿಗೆ ಮಕ್ಕಳ ಕಕ್ಕಸು ಕಾಣಬಾರದು ಅಂದರು. ಬೇರೆ ಏನೂ ಯೋಚಿಸಲಿಲ್ಲ. ಹೊಸ ಭಾಗ ಬಂದಿಲ್ಲ. ಮೂವತ್ತೊಂದರ ಪಕ್ಕ "೫೮ ನೋಡಿ" ಅಂತ ಹಾಕಿದಳು. ಹಲಗೆಯ ಮೇಲೆ ಆ ಎರಡರ ಪಕ್ಕ ೫೮ ಅಂತ ಹಾಕಿದಳು.

"ಅಯ್ಯೋ ದೊಡ್ಡಮ್ಮ, ಕಕ್ಕಸು ಅಂತಾನೇ ಬರೆದುಬಿಟ್ಯಲ್ಲ!" ಇಸ್ತ್ರಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

"ಅವನು ಅಂದದ್ದು ಅದೇ. ನಾನು ಗಂಧದ ಪುಡಿ ಅಂತ ಬರೀಲಾ?"

ಬರೆದ ಮೇಲೆ ಎದೆ ಹಗುರಾಯಿತು. ಆ ಹಗುರವನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡು ಅವಳಿಗೆ ತನ್ನ ಮೇಲೇ ಅಸಹ್ಯವಾಗಿದೆ. ಅವಳು ಹೋಗಿ ಕೂತು ಮಡಚಿದಳು. ಶನಿವಾರ ಮಡಚಿದಳು, ಸೋಮವಾರ ಮಡಚಿದಳು. ಕೈ ಉರಿಯಿತು. ಮಂಗಳವಾರ, ಬುಧವಾರವೂ ಮಡಚಿದಳು.

ಗುರುವಾರ ಬೆಳಿಗ್ಗೆ ತಪಾಸಣೆಯವರು ಬಂದರು, ಬಿಳಿ ಹೊದಿಕೆ ತಿರುಗುವುದನ್ನು ಎರಡು ನಿಮಿಷ ನೋಡಿದರು, ಹೋದರು. ಅವರು ಮೆಟ್ಟಿಲು ಹತ್ತುವಾಗಲೇ ರಜೆ ಮುಗಿಸಿದ ಯಾಕಣ್ಣ ಇಳಿದು ಬಂದ. ಅಕ್ಕನ ಕಣ್ಣು ಹೇಗಿದೆ ಅಂತ ಇಸ್ತ್ರಿ ಅಕ್ಕ ಕೇಳಿದ್ದು ಅವನಿಗೆ ಕೇಳಿಸಲಿಲ್ಲ. ಅವನ ಕಣ್ಣು ಹಲಗೆಯ ಮೇಲಿತ್ತು. ೫೮. ಪುಸ್ತಕ ತೆಗೆದ, ಓದಿದ. ನೇರ ಮೂಲೆಗೆ ಹೋಗಿ ಎರಡನೇ ಮೆಷಿನ್ನಿನ ಗುಂಡಿ ಒತ್ತಿ ನಿಲ್ಲಿಸಿದ. ಮಡಚಿಟ್ಟ ಮಕ್ಕಳ ಬಟ್ಟೆಯ ಮೇಲಿನದೊಂದನ್ನು ಎತ್ತಿ ನೀರಲ್ಲಿ ಅದ್ದಿ ಕಾಗದ ಹಿಡಿದ. ನೀಲಿ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡೆರಡು ಮೆಟ್ಟಿಲು ಹಾರಿ ಮಕ್ಕಳ ವಾರ್ಡಿಗೆ ಓಡಿದ.

ವಾರ್ಡಿನಲ್ಲಿ ಹನ್ನೊಂದು ಕೂಸುಗಳಿಗೆ ತೊಡೆ, ಸೊಂಟ, ಕುತ್ತಿಗೆಯ ಮಡಿಕೆ ಕೆಂಪಾಗಿ ಸುಲಿದಿತ್ತು. ಡಾಕ್ಟರಮ್ಮ ಮಂಗಳವಾರದಿಂದ ಹಾಲು ಬದಲಿಸಿ, ಎಣ್ಣೆ ಬದಲಿಸಿ, ತಾಯಂದಿರನ್ನು ಬೈದು, ಏನೂ ತಿಳಿಯದೆ ಕೂತಿದ್ದರು. ಮೂವತ್ತೊಂದನೇ ಸಂಖ್ಯೆಯನ್ನು ಒಂದು ಸಲ, ಐವತ್ತೆಂಟನ್ನು ಎರಡು ಸಲ ಓದಿದರು. ಅಂದು ಸಂಜೆಯೊಳಗೆ ಮಕ್ಕಳ ಬಟ್ಟೆಯೆಲ್ಲ ಒಂದನೇ ಮೆಷಿನ್ನಿನಲ್ಲಿ ಮತ್ತೆ ಒಗೆದು, ಕಾಗದ ಹಿಡಿದು ನೋಡಿ, ಮೇಲೆ ಹೋಯಿತು. ನಾಲ್ಕೈದು ದಿನದಲ್ಲಿ ಚರ್ಮ ಮಾಗಿತು.

ಚರ್ಮ ಮಾಗಿದರೂ ತಾಯಂದಿರು ಸುಮ್ಮನಿರುತ್ತಾರೆಯೇ? ದೂರು ಕೊಟ್ಟರು. ವಿಚಾರಣೆ ಅಂತಾಯಿತು. ಸೆಂಟು ಸಾಹೇಬನ ಮಾತು ಏನೆಂದರೆ, ರಜೆಗೆ ಹೋಗುವ ಮೊದಲು ಮೇಲ್ವಿಚಾರಕನೇ ಹಾಗೆ ಹೇಳಿ ಹೋಗಿದ್ದ. ಹೂಂ ಸಾರ್ ಅದಕ್ಕೂ ಹೂಂ ಅಂದ. ಅದು ನಿಂತರೆ ಯಾಕಣ್ಣನ ಕೆಲಸ ಹೋಗುವುದು ಖಂಡಿತ. ಪುಸ್ತಕ ಯಾಕಣ್ಣನ ಮೇಜಿನಲ್ಲಿ ಬೀಗದೊಳಗೆ ಇತ್ತು, ಹರಿಯುವ ಹಾಗಿರಲಿಲ್ಲ. ಪುಟಕ್ಕೆಲ್ಲ ಸಂಖ್ಯೆ ಬೇರೆ. ಆದ್ದರಿಂದ ಸಾಹೇಬ ದೊಡ್ಡಮ್ಮನ ಹತ್ತಿರ ಬಂದ. ಮೊದಲ ಸಲ ಮಡಿಕೆ ಕೋಣೆಯ ಸ್ಟೂಲಿನ ಮೇಲೆ ಕೂತ. ಮೊದಲ ಸಲ ಕರವಸ್ತ್ರ ಇಲ್ಲದೆ.

"ಏನಮ್ಮಾ, ಚೆನ್ನಾಗಿದ್ದೀಯಾ? ನಿಂಗೆ ಓದು ಬರಹ ಅಷ್ಟಾಗಿ ಬರಲ್ವಂತೆ."

"ಹೌದು ಸಾರ್."

"ನಾಳೆ ಕೇಳಿದ್ರೆ, ಯಾಕಣ್ಣ ಅನ್ನೋನು ಬಾಯಲ್ಲಿ ಹೇಳಿ ಬರೆಸಿದ್ದು, ನಂಗೇನು ಬರೆದೆ ಅಂತಾನೇ ಗೊತ್ತಿಲ್ಲ ಅಂದುಬಿಡು. ಅಷ್ಟೇ. ವಯಸ್ಸಾಯ್ತು, ಆ ಕೊಳೆ ಕೋಣೆ ಯಾಕೆ ನಿಂಗೆ? ಪೂರಾ ಇಲ್ಲೇ, ಮಡಿಕೆಯಲ್ಲೇ ಇರು. ಕೂತು ಮಾಡೋ ಕೆಲಸ."

ದೊಡ್ಡಮ್ಮ ಕೈಯಲ್ಲಿದ್ದ ಹೊದಿಕೆಯನ್ನು ಅಂಚಿಗೆ ಅಂಚು ಸೇರಿಸಿ ನಾಲ್ಕು ಮಡಿಕೆ ಮಾಡಿದಳು, ಸುಕ್ಕು ಒತ್ತಿದಳು, ಪಕ್ಕದಲ್ಲಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಕೀವು ನೋಡಿದ್ದಳು, ಹುಳು ನೋಡಿದ್ದಳು, ಒಮ್ಮೆ ಹೊದಿಕೆಯಲ್ಲಿ ಸುತ್ತಿದ ಒಂದು ಕಾಲ್ಬೆರಳನ್ನೇ ನೋಡಿದ್ದಳು. ಯಾವತ್ತೂ ಕಕ್ಕಿದವಳಲ್ಲ. ಈಗ ಬಾಯಿಗೆ ಹುಳಿನೀರು ಬಂತು.

"ಸಾರ್, ಸ್ವಲ್ಪ ಆ ಕಡೆ ಕೂತ್ಕೊಳ್ತೀರಾ? ನಿಮ್ಮ ಸೆಂಟಿಗೆ ನಂಗೆ ವಾಂತಿ ಬರೋ ಹಾಗಿದೆ."

ಇಸ್ತ್ರಿ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತು ನಿಂತಳು. ಒಂದು ಅಂಗಿ ಸುಟ್ಟಿತು.

ವಿಚಾರಣೆ ಮೂರನೇ ಮಹಡಿಯ ಉದ್ದ ಮೇಜಿನ ಕೋಣೆಯಲ್ಲಿ ನಡೆಯಿತು. ಮೂವರು ಕೂತಿದ್ದರು, ನಡುವೆ ಡಾಕ್ಟರಮ್ಮ. ಯಾಕಣ್ಣ ಗೋಡೆಗೆ ಒರಗಿ ನಿಂತಿದ್ದ. ಸಾಹೇಬ ಕುರ್ಚಿಯಲ್ಲಿದ್ದ.

"ಇದು ನಿಮ್ಮ ಕೈಬರಹವಾ ಅಮ್ಮ?"

"ನಂದೇ."

"ಯಾರಾದ್ರೂ ಹೇಳಿ ಬರೆಸಿದ್ರಾ?"

"ಹೇಳಿದ್ರು. ಸಾಹೇಬ್ರು ಬಾಯಲ್ಲಿ ಹೇಳಿದ್ರು, ನಾನು ಹಂಗೇ ಬರೆದೆ. ಬರೀಬೇಕು ಅಂತ ಅವರಿಗೆ ಅನ್ನಿಸಿರಲಿಲ್ಲ."

"ಅಕ್ಷರ ಬರದ ಹೆಂಗಸು, ಮೇಡಂ" ಅಂದ ಸಾಹೇಬ. "ಏನು ಬರೆದಿದಾಳೋ ಅವಳಿಗೇ ತಿಳಿಯಲ್ಲ."

ಡಾಕ್ಟರಮ್ಮ ಪುಸ್ತಕ ಅವಳ ಕಡೆ ತಿರುಗಿಸಿದರು. ದೊಡ್ಡಮ್ಮ ಬೆರಳಿಟ್ಟು ಓದಿದಳು. ಅಕ್ಷರ ಅಕ್ಷರವಾಗಿ, ಎಳೆದು ಎಳೆದು. 'ಕ-ಕ್ಕ-ಸು' ಅನ್ನುವಲ್ಲಿಗೆ ಬಂದಾಗ ಮೂವರಲ್ಲಿ ಒಬ್ಬರು ಕೆಮ್ಮಿದರು. ಅವಳು ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ತಾರೀಕಿನಿಂದ ಕೊನೆಯವರೆಗೂ ಓದಿದಳು. ಆ ತಾರೀಕಿಗೆ ಯಾಕಣ್ಣ ಆಸ್ಪತ್ರೆಯಲ್ಲೇ ಇರಲಿಲ್ಲ.

"ಮೇಲ್ವಿಚಾರಕರು ಹೋಗುವ ಮೊದಲೇ ಹೇಳಿದ್ದರೆ ಶುಕ್ರವಾರವೇ ಬದಲಾಗಬೇಕಿತ್ತು" ಅಂದರು ಡಾಕ್ಟರಮ್ಮ. "ಶುಕ್ರವಾರ ಪೂರಾ ಅವರು ಇಲ್ಲೇ ಇದ್ದರು, ಏನೂ ಬದಲಾಗಿಲ್ಲ. ಮೂವತ್ತೊಂದರಲ್ಲಿ, ಹೊಸ ಭಾಗ ಬರೋತನಕ ಬೇಡ ಅಂತ ಸಹಿ ಹಾಕಿರೋದೂ ಅವರೇ. ಅದನ್ನ ಬಿಟ್ಟು ಬೇರೆ ಮಾಡಿ ಅಂತ ಯಾಕೆ ಹೇಳ್ತಾರೆ? ನಿಮ್ಮ ಹತ್ತಿರ ಬೇರೆ ಕಾರಣ ಬರೆದದ್ದು ಏನಾದ್ರೂ ಇದೆಯಾ ಸಾರ್?"

ಸಾಹೇಬನ ಹತ್ತಿರ ಬರೆದದ್ದು ಏನೂ ಇರಲಿಲ್ಲ. ಹೂಂ ಸಾರ್ ಆ ಹೊತ್ತಿಗೆ ಡಾಕ್ಟರಮ್ಮನಿಗೆ ಹೂಂ ಅನ್ನಲು ಶುರು ಮಾಡಿದ್ದ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಯಾಕಣ್ಣನ ತಪ್ಪಿಲ್ಲ ಅಂತ ತೀರ್ಪಾಯಿತು, ಕೆಲಸ ಉಳಿಯಿತು. ಸಾಹೇಬನಿಗೆ "ಮುಂದೆ ಜಾಗ್ರತೆ ವಹಿಸಿ" ಅಂತ ಒಂದು ಚೀಟಿ. ಎರಡನೇ ಮೆಷಿನ್ನಿಗೆ ಒಂದೇ ವಾರದಲ್ಲಿ ಹೊಸ ಭಾಗ ಬಂತು. ಮೂವತ್ತೊಂದು ಬರೆದಂದೇ ಕೇಳಿದರೂ ಎಂಟು ತಿಂಗಳು ಬಾರದ್ದು! ಮೂರು ದಿನ ಕಾಗದ ಬಣ್ಣ ತಿರುಗಲಿಲ್ಲ. ಇಸ್ತ್ರಿ ಅಕ್ಕ ಐವತ್ತೊಂಬತ್ತನೇ ಸಂಖ್ಯೆ ಬರೆದು ಮೂವತ್ತೊಂದರ ಪಕ್ಕವೂ ಐವತ್ತೆಂಟರ ಪಕ್ಕವೂ "೫೯ ನೋಡಿ" ಅಂತ ಹಾಕಿದಳು. ಅದೇ ತಿಂಗಳ ಕೊನೆಗೆ ಯಾಕಣ್ಣನಿಗೆ ಕಾಗದ ಬಂತು. ಊರಾಚೆಯ ಇನ್ನೊಂದು ಕಟ್ಟಡದ ಬಾಯ್ಲರ್ ಕೋಣೆಗೆ ವರ್ಗ. ಕಾರಣ ಅನ್ನುವ ಕಡೆ ಟೈಪು ಮಾಡಿದ್ದರು, ಆಡಳಿತಾತ್ಮಕ ಕಾರಣ.

"ಅಂದ್ರೆ ಏನು?" ಅಂತ ದೊಡ್ಡಮ್ಮ ಕೇಳಿದಳು.

"ಅಂದ್ರೆ ಏನೂ ಇಲ್ಲ" ಅಂದ ಯಾಕಣ್ಣ. "ಅವರು ನಮ್ಮಿಂದ ಕಲ್ತದ್ದು ಅಷ್ಟೇ ದೊಡ್ಡಮ್ಮ. ಕಾರಣ ಅಂತ ಬರೆದು ಮುಂದೆ ಏನಾದ್ರೂ ತುಂಬಬೇಕು ಅನ್ನೋದು."

ಅವಳಿಗೆ ಉಗುಳಬೇಕು ಅನ್ನಿಸಿತು. ಮಡಿಕೆ ಕೋಣೆ ಅಂತ ನುಂಗಿಕೊಂಡಳು.

ಕೊನೆಯ ದಿನ ಅವನು ಬುತ್ತಿಯ ಡಬ್ಬಿ, ಒಂದು ಸ್ಪ್ಯಾನರು, ಅಕ್ಕ ಹೆಣೆದ ಕೂರುವ ಮೆತ್ತೆ ಇಷ್ಟನ್ನು ಒಂದು ಚೀಲಕ್ಕೆ ತುಂಬಿದ. ಪುಸ್ತಕದ ಹಳೇ ದಾರ ಜೀರ್ಣವಾಗಿತ್ತು, ಹೊಸ ದಾರ ಕಟ್ಟಿ ಅದೇ ಮೊಳೆಗೆ ನೇತುಹಾಕಿದ. ಎಲ್ಲರಿಗೂ ಹೇಳಿ ಆದ ಮೇಲೆ ಕೊಳೆ ಕೋಣೆಯ ಬಾಗಿಲಿಗೆ ಬಂದ. ಬಾಗಿಲಲ್ಲೇ ನಿಂತ, ಮೊದಲ ದಿನ ನಿಂತಂತೆ. ಮುಖ ಸ್ವಲ್ಪ ಬಿಳಿಚಿಕೊಂಡಿತ್ತು. ದೊಡ್ಡಮ್ಮ ಗಂಟು ಬಿಚ್ಚುತ್ತಿದ್ದವಳು, ಅವನಿಗೆ ಕಾಣದಂತೆ ಅದನ್ನು ಪಕ್ಕಕ್ಕೆ ಸರಿಸಿದಳು.

"ನೀವು ಇಲ್ಲದಿದ್ರೆ ನನ್ನ ಕೆಲಸ ಹೋಗ್ತಿತ್ತು" ಅಂದ.

"ಬಿಡಿ ಸಾರ್. ಕಂಡದ್ದು ಬರೆದೆ."

"ಬರೆದ್ರಿ. ಚೆನ್ನಾಗಿ ಬರೆದ್ರಿ." ಅವನು ಹೋಗಲಿಲ್ಲ. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಬೈಯುವವನ ದನಿ ಅದಲ್ಲ. ಮೂರನೇ ಮೆಷಿನ್ನಿನ ಬಗ್ಗೆ ಮೊದಲ ದಿನ ಕೇಳಿದನಲ್ಲ, ಅದೇ ದನಿ.

"ದೊಡ್ಡಮ್ಮ, ಶನಿವಾರವೇ ಗೊತ್ತಿತ್ತು. ಕೈ ಉರೀತಿತ್ತು. ಮಕ್ಕಳ ವಾರ್ಡು ಎರಡು ಮಹಡಿ ಮೇಲೆ, ಅಷ್ಟೇ. ಬುಧವಾರದವರೆಗೂ ಮಡಚ್ತಾ ಕೂತ್ರಲ್ಲ, ಯಾಕೆ? ಅರವತ್ತನೇ ಸಂಖ್ಯೆ ಖಾಲಿ ಇದೆ. ಅದನ್ನೂ ಬರೀತೀರಾ?"